ಹತ್ತು ಗುಂಟೆ ಮಲ್ಲಿಗೆಗೆ ಎಷ್ಟು ಆಳು?

ನಮ್ಮದು ಹತ್ತು ಗುಂಟೆ ದುಂಡು ಮಲ್ಲಿಗೆ. ಬೆಳಗಿನ ಐದೂವರೆಗೆ ಬಿಡಿಸಲು ಶುರು ಮಾಡಿದರೆ ಎಂಟೂವರೆಯೊಳಗೆ ಹೂವು ಮಾರುಕಟ್ಟೆಯ ಬಸ್ ಹತ್ತಬೇಕು. ಪ್ರತಿ ದಿನವೂ ಬುಟ್ಟಿಗೆ ಬರದೆ ಗಿಡದಲ್ಲೇ ಅರಳಿಹೋಗುವ ಮೊಗ್ಗು ಕಂಡು, ಇನ್ನೊಬ್ಬ ಆಳು ಕರೆದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯ ಭರ್ತಿ ಹೂವಿನ ದಿನಗಳಲ್ಲಿ ತೂಕ ಬರೆದಿಟ್ಟೆ. ಮೊಗ್ಗು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇರುವುದರಿಂದ ಆಳಿನ ಪ್ರತಿ ಸಂಖ್ಯೆಯನ್ನೂ ಎರಡೆರಡು ದಿನ ನೋಡಿ ಸರಾಸರಿ ತೆಗೆದೆ. ಒಬ್ಬರೇ ಬಿಡಿಸಿದಾಗ 1.2 ಕೆ.ಜಿ. ಬಂತು. ಬುಟ್ಟಿ ಹೊರುವುದು, ಹೂವಿಗೆ ಒದ್ದೆ ಬಟ್ಟೆ ಮುಚ್ಚುವುದು, ತೂಗುವುದು ಎಲ್ಲವೂ ಅವರದೇ. ಇಬ್ಬರಾದಾಗ 2.8 ಕೆ.ಜಿ., ಅಂದರೆ ಎರಡನೆಯವರಿಂದ ಮೊದಲನೆಯವರಿಗಿಂತ ಹೆಚ್ಚೇ ಬಂತು. ಮೂವರಿಗೆ 4, ನಾಲ್ವರಿಗೆ 4.8, ಐವರಿಗೆ 5.1. ಆರನೆಯವರು ಬಂದ ದಿನವೂ 5.1ರ ಮೇಲೆ ಏರಲಿಲ್ಲ.

ಆಮೇಲೆ ಬಂದವರು ಸೋಮಾರಿಗಳಿರಬಹುದೆಂಬ ಅನುಮಾನಕ್ಕೆ, ಬರುವ ಸರದಿಯನ್ನು ಅದಲು ಬದಲು ಮಾಡಿದೆ. ಲೆಕ್ಕ ಹಾಗೇ ಉಳಿಯಿತು. ಕಾರಣ ಗಿಡದಲ್ಲೇ ಇತ್ತು. ಹೊರಗೆ ಕಾಣುವ ದಪ್ಪ ಬಿಳಿ ಮೊಗ್ಗನ್ನು ಮೊದಲ ಕೈಗಳು ತೆಗೆದಿರುತ್ತವೆ. ನಂತರದವರು ಎಲೆ ಸರಿಸಿ ಹುಡುಕಬೇಕು. "ಅಣ್ಣ, ಈ ಸಾಲು ಆಗಲೇ ಬಿಡಿಸಿದ್ದಾರಲ್ಲ" ಎಂದು ಐದನೆಯ ಅಕ್ಕ ಖಾಲಿ ಮಡಿಲು ತೋರಿಸಿದರು. ಆರು ಜನರಿದ್ದ ದಿನ ಬುಟ್ಟಿ ಸುರುವಿ ನೋಡಿದರೆ ಹಸಿರು ಛಾಯೆಯ ಎಳೆ ಮೊಗ್ಗುಗಳು. ಅವು ಮರುದಿನದ ಹೂವು. ಇವತ್ತು ಕಿತ್ತರೆ ತೂಕವೂ ಇಲ್ಲ, ಸರಿಯಾಗಿ ಅರಳುವುದೂ ಇಲ್ಲ. ಆಳು ಹೆಚ್ಚಾಗಿದೆ ಎಂಬುದಕ್ಕೆ ನಾನು ಈಗಲೂ ನೋಡುವ ಗುರುತು ಅದೇ.

ನಾನು ಹೆಚ್ಚು ದುಡ್ಡು ಕಳೆದುಕೊಂಡದ್ದು ತಲಾ ಸರಾಸರಿ ನಂಬಿ. ಆಗ ಕೆ.ಜಿ.ಗೆ 300 ರೂಪಾಯಿ, ಬೆಳಗಿನ ಕೂಲಿ 200. ಐವರಿಗೆ 5.1 ಕೆ.ಜಿ. ಎಂದರೆ ತಲೆಗೆ 306 ರೂಪಾಯಿಯ ಹೂವು. ಎಲ್ಲರ ಕೂಲಿಯೂ ಗಿಟ್ಟಿದಂತೆ ಕಾಣುತ್ತದೆ. ಆದರೆ ಐದನೆಯವರಿಂದ ಹೆಚ್ಚಾದದ್ದು ಬರೀ 300 ಗ್ರಾಂ, 90 ರೂಪಾಯಿ. ಕೊಟ್ಟದ್ದು 200. ನಾಲ್ಕನೆಯವರು ಸೇರಿಸಿದ್ದು 800 ಗ್ರಾಂ, 240 ರೂಪಾಯಿ, ಅಲ್ಲಿಗೆ ನಿಲ್ಲಿಸಬೇಕಿತ್ತು. ಅಷ್ಟೇ ಜಾಗಕ್ಕೆ ಆಳು ಸೇರಿಸುತ್ತಾ ಹೋದರೆ ಒಂದು ಹಂತದ ನಂತರ ಪ್ರತಿ ಹೊಸ ಆಳಿನಿಂದ ಹೆಚ್ಚಾಗುವುದು ಕಡಿಮೆಯಾಗುತ್ತದೆ, ಇದನ್ನೇ ಅರ್ಥಶಾಸ್ತ್ರದ ಪಾಠದಲ್ಲಿ ಇಳಿಮುಖ ಪ್ರತಿಫಲ ಎಂದು ಓದಿದ್ದೆ. ಕೊನೆಯ ಆಳಿನಿಂದ ಎಷ್ಟು ಹೆಚ್ಚಾಯಿತು ಎಂದು ಬೇರೆಯಾಗಿ ನೋಡಬೇಕೆಂಬುದು ಮಾತ್ರ ತಕ್ಕಡಿ ಹಿಡಿದ ಮೇಲೆ ಹೊಳೆಯಿತು.

ಈ ನಾಲ್ಕು ಎಂಬ ಸಂಖ್ಯೆ ಎಲ್ಲ ದಿನಕ್ಕೂ ಅಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಲೆ 800ಕ್ಕೆ ಏರಿದಾಗ ಅದೇ 300 ಗ್ರಾಂ 240 ರೂಪಾಯಿ ತರುತ್ತದೆ. ಆ ದಿನ ಐದನೆಯವರನ್ನೂ ಕರೆಯುತ್ತೇನೆ. ಚಳಿಗಾಲದಲ್ಲಿ ಮೊಗ್ಗು ವಿರಳ, ಇಬ್ಬರೇ ಸಾಕು. ಈ ವರ್ಷ ಪಕ್ಕದ ಹತ್ತು ಗುಂಟೆ ಮಲ್ಲಿಗೆಯನ್ನು ಗುತ್ತಿಗೆಗೆ ಹಿಡಿದಿದ್ದೇನೆ. ಅಂದು ಖಾಲಿ ಮಡಿಲು ತೋರಿಸಿದ ಅಕ್ಕನೇ ಈಗ ಅಲ್ಲಿ ಮೊದಲ ಸಾಲು ಹಿಡಿಯುತ್ತಾರೆ.