ಜೇನು-ನಿಂಬೆ ನೀರು: ಮೊದಲು ಚಮಚ ಅಳೆಯಿರಿ

ಹೋದ ಮಳೆಗಾಲದಲ್ಲಿ ಕೊಡಗಿನ ಶನಿವಾರಸಂತೆ ಕಡೆ ಅಣ್ಣನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಆರು ಗಂಟೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಅತ್ತಿಗೆ ಒಲೆಯ ಪಕ್ಕ ನಿಂತು ಸ್ಟೀಲ್ ಲೋಟಕ್ಕೆ ಬಿಸಿ ನೀರು ಹಾಕಿ, ನಿಂಬೆ ಹಿಂಡಿ, ಜೇನಿನ ಬಾಟಲಿಗೆ ಚಮಚ ಇಳಿಸಿದರು. ಊಟದ ಚಮಚ. ಜೇನು ಮೇಲೆ ಗುಡ್ಡೆಯಾಗಿ ನಿಂತಿತ್ತು, ಚಮಚದ ಹೊಟ್ಟೆಗೂ ಅಂಟಿಕೊಂಡು ದಾರದ ಹಾಗೆ ಇಳಿಯುತ್ತಿತ್ತು. ಅಂಥ ಎರಡು ಚಮಚ ಲೋಟಕ್ಕೆ ಬಿತ್ತು.

‘ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ ಕಣೇ. ತೂಕ ಇಳಿಯೋದಿರಲಿ, ಒಂದು ಕೆಜಿ ಜಾಸ್ತಿಯೇ ಆಗಿದೆ. ನಿಂಬೆ ಕಡಿಮೆ ಆಯ್ತಾ ಅಂತ’ ಎಂದರು.

ಕಡಿಮೆ ಆಗಿದ್ದು ನಿಂಬೆ ಅಲ್ಲ, ಜಾಸ್ತಿ ಆಗಿದ್ದು ಜೇನು. ಅವರ ಮನೆಯಲ್ಲಿ ಕೇಕ್ ಮಾಡಲು ತಂದಿದ್ದ ಪುಟ್ಟ ತಕ್ಕಡಿ ಇತ್ತು. ಅದರ ಮೇಲೆ ಖಾಲಿ ಬಟ್ಟಲಿಟ್ಟು, ಅದೇ ಚಮಚದಲ್ಲಿ ಅದೇ ರೀತಿ ಎರಡು ಸಲ ಜೇನು ಹಾಕಲು ಹೇಳಿದೆ. 48 ಗ್ರಾಂ ತೋರಿಸಿತು.

ಒಂದು ಗ್ರಾಂ ಜೇನಿನಲ್ಲಿ ಸುಮಾರು 3 ಕ್ಯಾಲೊರಿ ಇರುತ್ತದೆ. ಅಂದರೆ ಆ ಲೋಟದಲ್ಲಿ ಸುಮಾರು 145 ಕ್ಯಾಲೊರಿ. ಹತ್ತಿರ ಹತ್ತಿರ ಒಂದು ಅಕ್ಕಿ ರೊಟ್ಟಿಯಷ್ಟು. ಅತ್ತಿಗೆ ಬೆಳಗಿನ ತಿಂಡಿಯಲ್ಲಿ ಒಂದು ರೊಟ್ಟಿ ಬಿಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಬಿಟ್ಟಿರಲಿಲ್ಲ. ಈ ಲೋಟದ ಅರ್ಧ ಗಂಟೆ ನಂತರ ಎಂದಿನ ಬೆಲ್ಲದ ಕಾಫಿ, ಆಮೇಲೆ ಎಂದಿನಷ್ಟೇ ತಿಂಡಿ.

ದಿನಕ್ಕೆ 145ರ ಹಾಗೆ 90 ದಿನಕ್ಕೆ 13,000 ಕ್ಯಾಲೊರಿ. ಮೈಯಲ್ಲಿ ಕೂರುವ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಕಾಗದದ ಮೇಲೆ ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ಏರಬೇಕಿತ್ತು. ದೇಹ ಕಾಗದದ ಲೆಕ್ಕವನ್ನು ಪೂರ್ತಿ ಕೇಳುವುದಿಲ್ಲ. ಒಂದು ದಿನ ಹಸಿವು ಕಡಿಮೆ, ಒಂದು ದಿನ ಓಡಾಟ ಜಾಸ್ತಿ. ಹಾಗಾಗಿ ಒಂದು ಕೆಜಿಗೆ ನಿಂತಿತ್ತು.

ಜೇನು-ನಿಂಬೆ ನೀರು ತೂಕ ಇಳಿಸುತ್ತದೆ ಎಂಬ ನಂಬಿಕೆ ಬಂದಿದ್ದೆಲ್ಲಿಂದ?

ಇದು ಮೊಬೈಲಿನಲ್ಲಿ ಹುಟ್ಟಿದ ಮಾತಲ್ಲ. ಆಯುರ್ವೇದದಲ್ಲಿ ಜೇನಿಗೆ ‘ಲೇಖನ’ ಗುಣ ಹೇಳಿದ್ದಾರೆ, ಅಂದರೆ ಕೆರೆದು ತೆಗೆಯುವ ಗುಣ. ಸ್ಥೂಲಕಾಯಕ್ಕೆ ಜೇನು ನೀರು ಕೊಡುವ ಪದ್ಧತಿಯೂ ಇದೆ. ಆದರೆ ಅಲ್ಲಿಯೇ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ: ಹೊಸ ಜೇನು ಮೈ ತುಂಬಿಸುತ್ತದೆ, ಹಳೆಯ ಜೇನು ಮೈ ಇಳಿಸುತ್ತದೆ. ನಮ್ಮಲ್ಲಿ ಕಾಫಿ ಹೂವಿನ ಕಾಲ ಮುಗಿದ ಮೇಲೆ ತೆಗೆದ ತಾಜಾ ಜೇನನ್ನೇ ಆಸೆಪಟ್ಟು ತರುತ್ತೇವೆ. ಆ ಶಾಸ್ತ್ರದ ಲೆಕ್ಕದಲ್ಲಿ ಕೂಡ ಅದು ತೆಳ್ಳಗಾಗಲು ಹೇಳಿದ ಜೇನಲ್ಲ. ವೈದ್ಯರು ಪಥ್ಯ, ವ್ಯಾಯಾಮದ ಜೊತೆ ಕೊಡುತ್ತಿದ್ದ ಒಂದು ಅನುಪಾನವನ್ನು ನಾವು ಪಥ್ಯ ಬಿಟ್ಟು, ಲೋಟ ಮಾತ್ರ ಹಿಡಿದುಕೊಂಡಿದ್ದೇವೆ.

ಈಗಿನ ವಿಜ್ಞಾನದ ಲೆಕ್ಕ ಇನ್ನೂ ಸರಳ. ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ, ಉಳಿದಿದ್ದು ಬಹುಪಾಲು ನೀರು. ಹೊಸದಾದರೂ ಹಳೆಯದಾದರೂ ಕ್ಯಾಲೊರಿ ಅಷ್ಟೇ. ನಿಂಬೆಯಲ್ಲಿ ಹುಳಿಯ ಆಮ್ಲ ಮತ್ತು ಒಂದಿಷ್ಟು ಸಿ ವಿಟಮಿನ್ ಇದೆ. ಕೊಬ್ಬನ್ನು ಹುಡುಕಿ ಕರಗಿಸುವಂಥದ್ದು ಎರಡರಲ್ಲೂ ಇಲ್ಲ.

ಆದರೆ ನೀರಿಗೆ ಒಂದು ಪಾತ್ರ ಇದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 55 ದಾಟಿದವರಿಗೆ ದಿನದ ಮೂರೂ ಊಟದ ಮುಂಚೆ ಅರ್ಧ ಲೀಟರ್ ನೀರು ಕುಡಿಸಿದರು. ಎಲ್ಲರೂ ಕಡಿಮೆ ಕ್ಯಾಲೊರಿಯ ಪಥ್ಯದಲ್ಲೇ ಇದ್ದರು. 12 ವಾರದಲ್ಲಿ ನೀರು ಕುಡಿದವರು ಬರೀ ಪಥ್ಯ ಮಾಡಿದವರಿಗಿಂತ ಸುಮಾರು ಎರಡು ಕೆಜಿ ಜಾಸ್ತಿ ಇಳಿದರು. ಹೊಟ್ಟೆ ನೀರಿನಿಂದ ತುಂಬಿದಾಗ ತಟ್ಟೆಗೆ ಬೀಳುವುದು ಕಡಿಮೆ, ಅಷ್ಟೇ. ಆ ನೀರಿನಲ್ಲಿ ಜೇನೂ ಇರಲಿಲ್ಲ, ನಿಂಬೆಯೂ ಇರಲಿಲ್ಲ.

ಕುಡಿಯಲೇಬೇಕೆಂದರೆ ಹೀಗೆ ಮಾಡಿ

1. ಊಟದ ಚಮಚ ಎತ್ತಿಡಿ. ಟೀ ಚಮಚ ತೆಗೆದುಕೊಳ್ಳಿ, ಅಂಚಿನ ಮಟ್ಟಕ್ಕೆ ಒಂದೇ ಒಂದು. ಚಮಚದ ಕೆಳಗೆ ಅಂಟಿದ್ದನ್ನು ಬಾಟಲಿಯ ಬಾಯಿಗೆ ಒರೆಸಿ. ಅದು ಸುಮಾರು 7 ಗ್ರಾಂ, 21 ಕ್ಯಾಲೊರಿ. ಚಮಚಕ್ಕೆ ಒಂದು ಹನಿಯೂ ನೀರು ತಾಗಿರಬಾರದು. ಕೊಡಗಿನ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ತುಡುವೆ ಜೇನಿನಲ್ಲಿ ಮೊದಲೇ ನೀರಿನಂಶ ಸ್ವಲ್ಪ ಜಾಸ್ತಿ. ನೀರು ಸೇರಿದರೆ ಹುಳಿ ಬರುತ್ತದೆ. ಮೇಲೆ ನೊರೆ, ಮುಚ್ಚಳ ತೆಗೆದಾಗ ‘ಪುಸ್’ ಅನ್ನುವ ಸದ್ದು, ಹುಳಿ ವಾಸನೆ ಇದ್ದರೆ ಹುದುಗು ಬಂದಿದೆ ಎಂದೇ ಅರ್ಥ. ತಳದಲ್ಲಿ ಹರಳು ಕಟ್ಟಿದ್ದರೆ ಹೆದರಬೇಡಿ. ಒಳ್ಳೆಯ ಜೇನೂ ಹರಳುಗಟ್ಟುತ್ತದೆ, ಅದನ್ನು ನೋಡಿ ಸಕ್ಕರೆ ಪಾಕ ಬೆರೆಸಿದ್ದಾರೆ ಎಂದು ಹೇಳಲಾಗದು.

2. ದೊಡ್ಡ ಲೋಟದ ತುಂಬ, ಸುಮಾರು 250 ಮಿಲಿ ಲೀಟರ್ ನೀರು. ಕುದಿಸಿದ ನೀರನ್ನು ಆರಲು ಬಿಡಿ. ಕಿರುಬೆರಳು ಅದ್ದಿದರೆ ಹಿತವಾಗಿರಬೇಕು, ಎಳೆಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿ. ಕುದಿಯುವ ನೀರಿಗೆ ಜೇನು ಹಾಕಿದರೆ ವಿಷವಾಗುತ್ತದೆ ಎಂಬ ಭಯಕ್ಕೆ ಪುರಾವೆ ಇಲ್ಲ. ಆದರೆ ಜೇನಿನ ಪರಿಮಳ, ಅದರಲ್ಲಿರುವ ಕಿಣ್ವಗಳು ಕಾವಿಗೆ ಹಾಳಾಗುತ್ತವೆ. ನಿಂಬೆಯ ಸಿ ವಿಟಮಿನ್ ಕೂಡ ಕಡಿಮೆಯಾಗುತ್ತದೆ. ಉಗುರುಬೆಚ್ಚಗಿದ್ದರೆ ಸಾಕು.

3. ಅರ್ಧ ನಿಂಬೆಹಣ್ಣು, ಬೀಜ ತೆಗೆದು ಹಿಂಡಿ. ಪೂರ್ತಿ ಹಣ್ಣು ಹಿಂಡಿದರೆ ಕೊಬ್ಬು ಬೇಗ ಕರಗುವುದಿಲ್ಲ, ಎದೆ ಉರಿಯಷ್ಟೇ ಬೇಗ ಬರಬಹುದು.

4. ಹಲ್ಲುಜ್ಜಿದ ಮೇಲೆ ಕುಡಿಯಿರಿ, ಕುಡಿದ ತಕ್ಷಣ ಉಜ್ಜಬೇಡಿ. ಜನ ಎಡವುವುದು ಇಲ್ಲೇ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರ ಮೆದುವಾಗತೊಡಗುತ್ತದೆ. ನಿಂಬೆ ರಸದ ಪಿಎಚ್ 2ರಿಂದ 2.5ರ ಆಸುಪಾಸು. ನೀರು ಬೆರೆಸಿದರೂ ಆ ಲೋಟ ಹುಳಿಯೇ. ಮೆದುವಾದ ಪದರದ ಮೇಲೆ ಬ್ರಷ್ ಆಡಿದರೆ ಅದು ಸವೆಯುತ್ತದೆ. ಅತ್ತಿಗೆ ಕಾಫಿಯ ಹಾಗೆ ಜಗಲಿಯಲ್ಲಿ ಕೂತು ಅರ್ಧ ಗಂಟೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಅಷ್ಟು ಹೊತ್ತೂ ಹಲ್ಲು ಹುಳಿಯಲ್ಲೇ ನೆನೆಯುತ್ತದೆ. ಐದು ನಿಮಿಷದಲ್ಲಿ ಕುಡಿದು ಮುಗಿಸಿ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಆಮೇಲೆ ಉಜ್ಜುವುದಿದ್ದರೆ ಅರ್ಧ ಗಂಟೆ ಬಿಡಿ. ತಣ್ಣೀರು ತಾಗಿದರೆ ಜುಂ ಅನ್ನುವುದು, ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುವುದು ಸವೆತದ ಗುರುತು. ಕಂಡರೆ ನಿಂಬೆ ನಿಲ್ಲಿಸಿ ದಂತವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇದ್ದವರು ಜೇನನ್ನು ಸಕ್ಕರೆ ಎಂದೇ ಎಣಿಸಬೇಕು. ‘ನೈಸರ್ಗಿಕ’ ಅಂದ ಮಾತ್ರಕ್ಕೆ ರಕ್ತದಲ್ಲಿ ಸಕ್ಕರೆ ಏರದೆ ಇರುವುದಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆಯಲಾರದು.

ವಿಷ ಹೊರಹಾಕುತ್ತದೆಯೇ?

‘ತೂಕ ಇಳಿಯದಿದ್ದರೂ ಒಳಗೆಲ್ಲ ಕ್ಲೀನ್ ಆಗುತ್ತಲ್ವಾ?’ ಅತ್ತಿಗೆಯ ಮುಂದಿನ ಪ್ರಶ್ನೆ ಇದೇ.

‘ಯಾವ ವಿಷ ಅತ್ತಿಗೆ?’ ಎಂದೆ. ಡಿಟಾಕ್ಸ್ ಎಂದು ಮಾರುವವರು ಇದಕ್ಕೆ ಹೆಸರು ಹೇಳುವುದಿಲ್ಲ. ದೇಹದಲ್ಲಿ ನಿಜವಾಗಿ ಹುಟ್ಟುವ ಕಸಕ್ಕೆ ಹೆಸರಿದೆ. ನಾವು ತಿಂದ ಬೇಳೆ, ಮೀನು, ಮಾಂಸದ ಪ್ರೋಟೀನು ಬಳಕೆಯಾದಾಗ ಅಮೋನಿಯಾ ಹುಟ್ಟುತ್ತದೆ. ಅದು ನಿಜವಾದ ವಿಷ. ಯಕೃತ್ತು ಅದನ್ನು ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಮೂತ್ರದಲ್ಲಿ ಕಳಿಸುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ-ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ರಾತ್ರಿ ನಾವು ಮಲಗಿದ್ದಾಗಲೂ ಈ ಕೆಲಸ ನಡೆದೇ ಇರುತ್ತದೆ. ಅದಕ್ಕೆ ಬೇಕಾದ ನೀರನ್ನು ಕುಡಿಯುವುದು ನಮ್ಮ ಕೆಲಸ. ನಿಂಬೆ ಬೆರೆಸಿದರೆ ಆ ಸೋಸುವಿಕೆ ಚುರುಕಾಗುವುದಿಲ್ಲ.

ಹಾಗಾದರೆ ಕುಡಿದ ಮೇಲೆ ಹೊಟ್ಟೆ ಹಗುರ ಅನ್ನಿಸುವುದು ಸುಳ್ಳೇ? ಸುಳ್ಳಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಏನಾದರೂ ಬಿದ್ದರೆ ದೊಡ್ಡ ಕರುಳು ಕದಲುತ್ತದೆ. ಮಲ ಸಲೀಸಾಗಿ ಹೋಗುತ್ತದೆ. ಬರೀ ಬಿಸಿ ನೀರು ಕುಡಿದರೂ ಆಗುವುದು ಅದೇ. ಮೂತ್ರ ತಿಳಿಯಾಗುವುದೂ ನೀರು ಸಾಕಷ್ಟು ಹೋಗಿದೆ ಎಂಬುದರ ಗುರುತು, ವಿಷ ಹೋಗಿದೆ ಎಂಬುದರದ್ದಲ್ಲ. ಅನುಮಾನ ಇದ್ದರೆ ಒಂದು ವಾರ ಬರೀ ಬಿಸಿ ನೀರು ಕುಡಿದು ನೋಡಿ.

ಇಳಿದಿದೆಯೋ ಇಲ್ಲವೋ ತಿಳಿಯುವುದು

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ ತೂಕ ನೋಡಿ. ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ ಅಳತೆಯನ್ನೂ ಬರೆದಿಡಿ. ಹೊಸ ಉತ್ಸಾಹದಲ್ಲಿ ತಿಂಡಿ ಬಿಟ್ಟವರಿಗೆ ಮೊದಲ ವಾರ ಒಂದು ಕೆಜಿ ಇಳಿಯಬಹುದು. ಅದು ಹೆಚ್ಚಿನ ಪಾಲು ನೀರು. ಊಟ ಕಡಿಮೆಯಾದಾಗ ಯಕೃತ್ತು ಮತ್ತು ಮಾಂಸಖಂಡದಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗಿ, ಅದರ ಜೊತೆ ಕಟ್ಟಿಕೊಂಡಿದ್ದ ನೀರೂ ಹೋಗುತ್ತದೆ. ಎರಡು ದಿನ ಚೆನ್ನಾಗಿ ಉಂಡರೆ ವಾಪಸ್ ಬರುತ್ತದೆ. ನಿಂಬೆಗೆ ಹೆಸರು ಬರುವುದು ಈ ಮೊದಲ ವಾರದಲ್ಲೇ.

ಅತ್ತಿಗೆ ಮತ್ತು ನಾನು ಆವತ್ತು ಅವರ ದಿನದ ಸಿಹಿಯನ್ನೆಲ್ಲ ಲೆಕ್ಕ ಹಾಕಿದೆವು. ನಾಲ್ಕು ಸಲ ಕಾಫಿ, ಪ್ರತಿ ಸಲ ಸುಮಾರು 10 ಗ್ರಾಂ ಬೆಲ್ಲ. ಅಲ್ಲಿಗೆ 150 ಕ್ಯಾಲೊರಿ. ಜೇನು ಒಂದು ಟೀ ಚಮಚಕ್ಕೆ ಇಳಿಯಿತು. ಕಾಫಿಯನ್ನು ಎರಡು ಸಲಕ್ಕೆ ಇಳಿಸಲು ಅವರು ಒಪ್ಪಲಿಲ್ಲ, ಮಳೆಯಲ್ಲಿ ಅದು ಆಗುವ ಮಾತೂ ಅಲ್ಲ. ಬೆಲ್ಲ ಅರ್ಧ ಮಾಡಲು ಒಪ್ಪಿದರು. ಒಟ್ಟು ದಿನಕ್ಕೆ 200 ಕ್ಯಾಲೊರಿ ಕಡಿಮೆ. ಬೇರೆ ಏನೂ ಬದಲಿಸಲಿಲ್ಲ. ಮೂರು ತಿಂಗಳಲ್ಲಿ 75ರಿಂದ 73.4 ಕೆಜಿ. ಲೋಟದಲ್ಲಿ ನಿಂಬೆ ಮೊದಲಿನಷ್ಟೇ ಇತ್ತು.

ಈಗ ಅವರು ಬೆಳಿಗ್ಗೆ ಬರೀ ಬಿಸಿ ನೀರು ಕುಡಿಯುತ್ತಾರೆ. ಅರ್ಧ ನಿಂಬೆ ಮಧ್ಯಾಹ್ನದ ಸೊಪ್ಪಿನ ಪಲ್ಯಕ್ಕೆ ಹೋಗುತ್ತದೆ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲು ಸಿ ವಿಟಮಿನ್ ಅದೇ ಊಟದಲ್ಲಿ ಜೊತೆಗಿರಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದ ನಿಂಬೆ ಮಧ್ಯಾಹ್ನದ ಸೊಪ್ಪಿಗೆ ಸಿಗುವುದಿಲ್ಲ. ಊಟವಾದ ಕೂಡಲೇ ಕುಡಿಯುತ್ತಿದ್ದ ಕಾಫಿಯನ್ನೂ ಒಂದು ಗಂಟೆ ಮುಂದಕ್ಕೆ ಹಾಕಿದ್ದಾರೆ, ಅದು ಕಬ್ಬಿಣಕ್ಕೆ ಅಡ್ಡ ಬರುತ್ತದೆ ಎಂದು.