ಆ ನಾಲ್ಕು ರನ್ ಎಲ್ಲಿಂದ ಬಂತು?

ತೀರ್ಥಹಳ್ಳಿ ಕಡೆಯ ಒಂದು ಮೈದಾನದಲ್ಲಿ ನಾನು ಮೊದಲ ಸಲ ಸ್ಕೋರ್‌ಬುಕ್ ಹಿಡಿದು ಕೂತ ದಿನ. ಇನಿಂಗ್ಸ್ ಮುಗಿಯಿತು. ಬ್ಯಾಟಿಂಗ್ ಕಡೆ ಕೂಡಿದರೆ 141, ಬೌಲಿಂಗ್ ಕಡೆ ಕೂಡಿದರೆ 145. ಪಕ್ಕದಲ್ಲಿ ಎದುರು ತಂಡದ ಸ್ಕೋರರ್ ಆಗಿ ಕೂತಿದ್ದ ರಿಟೈರ್ಡ್ ಮೇಷ್ಟ್ರು ನನ್ನ ಪುಸ್ತಕಕ್ಕೆ ಇಣುಕಿ, 'ಎಂತ ಮಾರಾಯ, ನಾಲ್ಕು ರನ್ ಎಲ್ಲಿಂದ ತಂದೆ?' ಅಂದರು.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ತಾಳೆ ಆಗದ ಲೆಕ್ಕ ನೋಡಿದರೆ ನಿದ್ದೆ ಬರಲ್ಲ. ಸ್ಕೋರ್‌ಬುಕ್ಕೂ ಅದೇ ಜಾತಿಯದು ಅಂತ ಅವತ್ತೇ ಗೊತ್ತಾಯಿತು. ಬಂದ ಪ್ರತಿ ರನ್ ಬ್ಯಾಟ್ಸ್‌ಮನ್ ಸಾಲಿಗೋ ಎಕ್ಸ್‌ಟ್ರಾಸ್ ಸಾಲಿಗೋ ಹೋಗಬೇಕು. ಅದು ಯಾರ ಬೌಲಿಂಗಿನಲ್ಲಿ ಬಂತು ಅನ್ನೋದು ಬೌಲರ್ ಮನೆಯಲ್ಲಿ ಬರೆಯಬೇಕು. ಜೊತೆಗೆ ಟೋಟಲ್ ಕೋಷ್ಟಕದಲ್ಲಿ ಅಷ್ಟು ಅಂಕಿಗಳನ್ನು ಹೊಡೆದು ಹಾಕಬೇಕು.

ಗೊಂದಲ ಆಗೋದು ಎಕ್ಸ್‌ಟ್ರಾಸ್‌ನಲ್ಲೇ. ವೈಡ್, ನೋಬಾಲ್ ಬೌಲರ್ ತಪ್ಪು, ಅದು ಅವನ ಖಾತೆಗೆ. ಬೈ, ಲೆಗ್ ಬೈ ಅವನ ಖಾತೆಗೆ ಸೇರಲ್ಲ. ಹಾಗಾಗಿ ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿಸಿದರೆ ಟೋಟಲ್ ಬರಬೇಕು. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಎಲ್ಲಾ ಎಕ್ಸ್‌ಟ್ರಾಸ್ ಕೂಡಿಸಿದರೂ ಅದೇ ಬರಬೇಕು. ನನ್ನದರಲ್ಲಿ ಬ್ಯಾಟ್‌ನಿಂದ 112, ಎಕ್ಸ್‌ಟ್ರಾಸ್ 29, ಒಟ್ಟು 141. ಆ ಕಡೆ ಬೌಲರ್‌ಗಳದ್ದು 129, ಬೈ ಮತ್ತು ಲೆಗ್ ಬೈ 16, ಒಟ್ಟು 145.

ಮೇಷ್ಟ್ರು ಒಂದೇ ಮಾತು ಹೇಳಿದರು: 'ಬೈ, ಲೆಗ್ ಬೈ ಬಂದ ಓವರ್ ಮಾತ್ರ ನೋಡು.' ಪ್ರತಿ ಓವರ್ ಮುಗಿದಾಗ ಟೋಟಲ್ ಬರೆದಿಟ್ಟಿದ್ದೆ, ಅದೇ ಉಳಿಸಿತು. ಹನ್ನೆರಡನೇ ಓವರಿನಲ್ಲಿ ಸಿಕ್ಕಿಬಿದ್ದೆ.

ಆ ಓವರ್ ಶುರುವಾದಾಗ 2 ವಿಕೆಟಿಗೆ 58. ಮೊದಲ ಬಾಲ್ ಖಾಲಿ, ಒಂದು ಚುಕ್ಕೆ. ಮುಂದಿನದು ವೈಡ್, ಕೀಪರ್ ಕೈತಪ್ಪಿ ಬೌಂಡರಿಗೆ ಹೋಯಿತು. ಅದು ಐದು ವೈಡ್, ಐದೂ ಬೌಲರ್ ತಲೆಗೆ. ಕೂಡಿಸುವ ಗುರುತು ಹಾಕಿ ಅದರ ನಾಲ್ಕು ಮೂಲೆಗೂ ಚುಕ್ಕೆ ಇಡಬೇಕು. ಬ್ಯಾಟ್ಸ್‌ಮನ್ ಆಡಿದ ಬಾಲ್ ಲೆಕ್ಕಕ್ಕೆ ಇದು ಬರಲ್ಲ. ಆಮೇಲೆ ಒಂದು ರನ್, 64. ಮುಂದಿನ ಬಾಲ್ ಪ್ಯಾಡಿಗೆ ಬಡಿದು ಫೈನ್ ಲೆಗ್ಗಿಗೆ ನಾಲ್ಕು, 68. ಅಂಪೈರ್ ಮೊಣಕಾಲು ಎತ್ತಿ ಮುಟ್ಟಿ ತೋರಿಸಿದರು. ಸನ್ನೆ ಕಂಡಿತು ಅಂತ ನಾನು ಕೈ ಎತ್ತಿದೆ, ಲೆಗ್ ಬೈ ಸಾಲಿನಲ್ಲಿ 4 ಸರಿಯಾಗಿಯೇ ಬರೆದೆ. ಆದರೆ ಬೌಲರ್ ಮನೆಯಲ್ಲಿ ತಲೆಕೆಳಗಾದ ತ್ರಿಕೋನ ಹಾಕಿ ಅದರೊಳಗೆ 4 ಬರೆಯುವ ಬದಲು ಸುಮ್ನೆ 4 ಅಂತ ಗೀಚಿದ್ದೆ. ಬೌಂಡರಿ ಹೊಡೆದ ಹಾಗೆ! ಬೈ ಆಗಿದ್ದರೆ ತ್ರಿಕೋನದ ತುದಿ ಮೇಲಕ್ಕೆ.

ಮುಂದಿನದು ನೋಬಾಲ್, ಅದರಲ್ಲಿ ಎರಡು ಓಡಿದರು. ಸುತ್ತು ಹಾಕಿ ಒಳಗೆ 2. ಎರಡು ಬ್ಯಾಟ್ಸ್‌ಮನ್‌ಗೆ, ಒಂದು ನೋಬಾಲ್ ಸಾಲಿಗೆ, ಮೂರೂ ಬೌಲರ್‌ಗೆ. ವೈಡ್ ಹಾಗಲ್ಲ, ನೋಬಾಲ್ ಬ್ಯಾಟ್ಸ್‌ಮನ್ ಆಡಿದ ಬಾಲ್ ಅಂತಲೇ ಲೆಕ್ಕ. ಈಗ 71. ಮುಂದಿನ ಬಾಲಿಗೆ ಮಿಡ್‌ಆಫ್‌ನಲ್ಲಿ ಕ್ಯಾಚ್. ಬ್ಯಾಟ್ಸ್‌ಮನ್ ಸಾಲಿನಲ್ಲಿ ಕ್ಯಾಚ್ ಹಿಡಿದವನ ಹೆಸರು, ಬೌಲರ್ ಹೆಸರು, ಕೆಳಗೆ 3ನೇ ವಿಕೆಟ್ 71ಕ್ಕೆ. ರನೌಟ್ ಆಗಿದ್ದರೆ ಬೌಲರ್‌ಗೆ ವಿಕೆಟ್ ಬರೆಯುವ ಹಾಗಿಲ್ಲ. ಹೊಸಬ ಒಂದು ಖಾಲಿ ಬಿಟ್ಟು ಕೊನೆಯ ಬಾಲಿಗೆ ಒಂದು ಓಡಿದ.

ಓವರಿಗೆ ಟೋಟಲ್ ಏರಿದ್ದು 14. ಬೌಲರ್ ಖಾತೆಗೆ ಬರಬೇಕಾದದ್ದು 10. ನಾನು ಬರೆದದ್ದು 14. ಲೆಗ್ ಬೈ ಎರಡು ಸಲ ಸೇರಿತ್ತು.

ಅಲ್ಲಿಂದ ಓವರ್ ಮುಗಿದ ತಕ್ಷಣ ಮೇಷ್ಟ್ರ ಹತ್ತಿರ ಜೋರಾಗಿ ಓದುತ್ತೇನೆ: ಟೋಟಲ್, ವಿಕೆಟ್, ಬೌಲರ್ ಕೊಟ್ಟದ್ದು. ಪೆನ್ನು ಮುಟ್ಟಲ್ಲ, ಪೆನ್ಸಿಲ್ಲೇ. ಪೆನ್ನಾದರೆ ನಮ್ಮ ಕಡೆಯ ಬೆಳಗಿನ ಮಂಜಿಗೆ ಶಾಯಿ ಹರಡುತ್ತದೆ, ಅಳಿಸಿ ಬರೆಯೋಕೂ ಆಗಲ್ಲ.

ಆದರೆ ಈ ತಾಳೆಗೂ ಸಿಗದ ತಪ್ಪು ಒಂದಿದೆ. ಕಳೆದ ಸೀಸನ್ನಿನಲ್ಲಿ ಇಬ್ಬರು ಅಣ್ಣ ತಮ್ಮ ಒಟ್ಟಿಗೆ ಆಡುತ್ತಿದ್ದರು. ಒಂದೇ ಎತ್ತರ, ಒಂದೇ ಬಣ್ಣದ ಹೆಲ್ಮೆಟ್. ಅಣ್ಣನ ಬೌಂಡರಿ ತಮ್ಮನ ಸಾಲಿಗೆ ಹೋಗಿತ್ತು. ಟೋಟಲ್ ಸರಿ, ಬೌಲಿಂಗ್ ಸರಿ, ಎಲ್ಲಾ ತಾಳೆ. ಪುಸ್ತಕದಲ್ಲಿ ತಮ್ಮನಿಗೆ 52, ಅಣ್ಣನಿಗೆ 46. ಮೇಷ್ಟ್ರ ಪುಸ್ತಕದಲ್ಲಿ 48, 50. ಅಣ್ಣ ಬಂದು ಕೇಳುವ ಮೊದಲೇ ರಬ್ಬರ್ ತೆಗೆದೆ.