ಫ್ಲ್ಯಾಟ್, ಫ್ರಾಕ್ಷನಲ್, ರೀಟ್: ನನ್ನ ಕೈಗೆ ನಿಜವಾಗಿ ಬಂದದ್ದೆಷ್ಟು?

ಉತ್ತರಹಳ್ಳಿಯಲ್ಲಿ ನನ್ನದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಹೊರ ವರ್ತುಲ ರಸ್ತೆಯ ಆಫೀಸ್ ಕಟ್ಟಡವೊಂದರಲ್ಲಿ ಸ್ವಲ್ಪ ಪಾಲು ಇತ್ತು, ಮಾರಿಬಿಟ್ಟೆ. ಡಿಮ್ಯಾಟ್ ಖಾತೆಯಲ್ಲಿ ಒಂದು ರೀಟ್‌ನ 2,000 ಯುನಿಟ್ ಇವೆ. ರೀಟ್ ಅಂದರೆ ಹಲವರ ದುಡ್ಡು ಸೇರಿಸಿ ಬಾಡಿಗೆಯ ಕಟ್ಟಡಗಳನ್ನು ಹೊಂದಿರುವ ಟ್ರಸ್ಟ್, ಅದರ ಯುನಿಟ್ ಷೇರಿನಂತೆ ಕೊಂಡು ಮಾರಬಹುದು. ಮೂರೂ ಬಾಡಿಗೆಯ ಆದಾಯವೇ. ಆದರೆ ಕೈಗೆ ಬರುವ ದುಡ್ಡು, ಕಟ್ಟುವ ತೆರಿಗೆ, ಹೊರಗೆ ಬರುವ ದಾರಿ ಮೂರರಲ್ಲೂ ಬೇರೆ ಬೇರೆ. ಕಳೆದ ತಿಂಗಳು ತಮ್ಮ ಫೋನ್ ಮಾಡಿ, "ಅಕ್ಕಾ, ನನ್ನ ಹತ್ರ ಹದಿನೈದು ಲಕ್ಷ ಇದೆ, ಯಾವುದಕ್ಕೆ ಹಾಕ್ಲಿ?" ಅಂತ ಕೇಳಿದ. ಅವನಿಗಾಗಿ ಲೆಕ್ಕದ ಪುಸ್ತಕ ತೆಗೆದು ಕೂತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು 20% ತೆರಿಗೆ ಸ್ಲ್ಯಾಬಿನಲ್ಲಿದ್ದೇನೆ, ಸೆಸ್ ಸೇರಿ 20.8%. ಕೆಳಗಿನ ಲೆಕ್ಕವೆಲ್ಲ ಅದರ ಮೇಲೆ.

ಫ್ಲ್ಯಾಟಿನಿಂದ ಶುರು ಮಾಡುತ್ತೇನೆ. 2018ರ ಜೂನ್‌ನಲ್ಲಿ 52 ಲಕ್ಷಕ್ಕೆ ಕೊಂಡೆ. ಹಳೆಯ ಮಾಲೀಕರಿಂದ ಕೊಂಡಿದ್ದರಿಂದ ಜಿಎಸ್‌ಟಿ ಇರಲಿಲ್ಲ. ಸ್ಟ್ಯಾಂಪ್ ಡ್ಯೂಟಿ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, ನೋಂದಣಿ ಶುಲ್ಕ ಎಲ್ಲ ಸೇರಿ 6.6%, ಅಂದರೆ 3,43,200 ರೂಪಾಯಿ. ಬ್ರೋಕರ್‌ಗೆ 52,000. ಪೇಂಟು, ಗ್ರಿಲ್ಲು, ಬಾತ್‌ರೂಮಿನ ಪೈಪು ಅಂತ ಒಂದೂವರೆ ಲಕ್ಷ. ಒಟ್ಟು ಸುಮಾರು 57.5 ಲಕ್ಷ. ಈಗ ಕೊಳ್ಳುವವರಿಗೆ ಖರ್ಚು ಇನ್ನೂ ಜಾಸ್ತಿ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1ರಿಂದ 2% ಆಗಿದೆ. 45 ಲಕ್ಷ ದಾಟಿದ ಮನೆಗೆ ಎಲ್ಲ ಸೇರಿ 7.6% ಕಟ್ಟಬೇಕು.

ಬಾಡಿಗೆ ತಿಂಗಳಿಗೆ 21,000. ಮೇಂಟೆನೆನ್ಸ್ ಬಾಡಿಗೆದಾರರೇ ಕಟ್ಟುತ್ತಾರೆ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿತ್ತು ಅಂತ ಇಟ್ಟುಕೊಂಡರೆ 2,31,000 ಬರುತ್ತದೆ. ಆಸ್ತಿ ತೆರಿಗೆ 6,000, ರಿಪೇರಿ ಸರಾಸರಿ 18,000 ಕಳೆದರೆ 2,07,000. ಆದಾಯ ತೆರಿಗೆಯಲ್ಲಿ ಈ 18,000ವನ್ನು ಹಾಗೆಯೇ ತೋರಿಸಲು ಆಗುವುದಿಲ್ಲ. ಬಂದ ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರ 30% ಬಿಟ್ಟುಕೊಡುತ್ತಾರೆ. ನೀವು ಒಂದು ಮೊಳೆಯನ್ನೂ ಹೊಡೆಸದಿದ್ದರೂ ಆ 30% ಸಿಗುತ್ತದೆ, ಎರಡು ಲಕ್ಷ ಖರ್ಚು ಮಾಡಿದರೂ ಅಷ್ಟೇ. ನನಗೆ ತೆರಿಗೆ ಬೀಳುವುದು 1,57,500ರ ಮೇಲೆ, ಅಂದರೆ 32,760. ಕೈಯಲ್ಲಿ ಉಳಿಯುವುದು 1,74,240.

ಇದನ್ನು ಯಾವುದರ ಮೇಲೆ ಶೇಕಡಾ ಹಾಕಬೇಕು? ಎಲ್ಲರೂ ಕೊಂಡ ಬೆಲೆಯ ಮೇಲೆ ಹಾಕುತ್ತಾರೆ. ಅದು ತಪ್ಪು. ಇವತ್ತು ಮಾರಿದರೆ ಎಷ್ಟು ಬರುತ್ತದೋ ಅದರ ಮೇಲೆ ಹಾಕಬೇಕು, ಏಕೆಂದರೆ ಬೇರೆ ಕಡೆ ಹಾಕಲು ನನ್ನ ಕೈಗೆ ಸಿಗುವ ದುಡ್ಡು ಅದು. ಬ್ರೋಕರ್ 75 ಲಕ್ಷ ಹೇಳಿದ್ದಾರೆ. 75 ಲಕ್ಷಕ್ಕೆ 1,74,240 ಅಂದರೆ 2.3%.

ಹಾಗಾದರೆ ಬೆಲೆ ಏರಿದ್ದು ಲಾಭ ಅಲ್ವಾ? ಇದನ್ನು ತೆರಿಗೆಯ ಲೆಕ್ಕವೇ ನನಗೆ ಹೇಳಿಕೊಟ್ಟಿತು. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ ಎರಡು ದಾರಿ ಇವೆ: ಹಣದುಬ್ಬರ ಲೆಕ್ಕ ಹಿಡಿಯದೆ ಲಾಭದ ಮೇಲೆ 12.5%, ಇಲ್ಲವೇ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ 20%. ನನ್ನ ಮೂಲ ವೆಚ್ಚ, ಸ್ಟ್ಯಾಂಪ್ ಡ್ಯೂಟಿ ಮತ್ತು ಬ್ರೋಕರ್ ಕಮಿಷನ್ ಸೇರಿ, 55.95 ಲಕ್ಷ. 2018-19ರ ಸೂಚ್ಯಂಕ 280, 2025-26ರದ್ದು 376. ಗುಣಿಸಿ ಭಾಗಿಸಿದರೆ 75.13 ಲಕ್ಷ. ಮಾರುವ ಬೆಲೆ 75. ಅಂದರೆ ಎರಡನೆಯ ದಾರಿಯಲ್ಲಿ ತೆರಿಗೆಯೇ ಇಲ್ಲ. ಮೊದಲನೆಯದರಲ್ಲಿ ಸುಮಾರು 2.38 ಲಕ್ಷ, ಅದರ ಮೇಲೆ ಸೆಸ್. ತೆರಿಗೆ ಉಳಿಯಿತು ಅಂತ ಖುಷಿಯಾಯಿತು. ಆಮೇಲೆ ಹೊಳೆಯಿತು: ಏಳು ವರ್ಷದಲ್ಲಿ ನನ್ನ ಫ್ಲ್ಯಾಟು ಹಣದುಬ್ಬರದ ಜೊತೆ ಹೆಜ್ಜೆ ಹಾಕಿದೆ, ಒಂದಿಂಚೂ ಮುಂದೆ ಹೋಗಿಲ್ಲ. ಆ ದಿನಾಂಕದ ನಂತರ ಕೊಂಡವರಿಗೆ ಎರಡನೆಯ ದಾರಿ ಇಲ್ಲವೇ ಇಲ್ಲ.

ಇನ್ನು ಫ್ರಾಕ್ಷನಲ್, ಅಂದರೆ ಆ ಆಫೀಸ್ ಕಟ್ಟಡದ ಪಾಲು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನಗೆ ಪೆಟ್ಟು ಬಿದ್ದದ್ದು ಇಲ್ಲಿ. 2021ರ ಫೆಬ್ರವರಿಯಲ್ಲಿ 15 ಲಕ್ಷ ಹಾಕಿದೆ. ನನ್ನ ಹೆಸರಿಗೆ ಕಟ್ಟಡದ ಒಂದು ಚದರಡಿಯೂ ನೋಂದಣಿ ಆಗಲಿಲ್ಲ. ಕಟ್ಟಡ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿನಲ್ಲಿತ್ತು. ನನಗೆ ಸಿಕ್ಕಿದ್ದು ಆ ಕಂಪನಿಯ ಕೆಲವು ಷೇರು ಮತ್ತು ಡಿಬೆಂಚರು, ಅಂದರೆ ಕಂಪನಿಗೆ ಕೊಟ್ಟ ಸಾಲದ ಪತ್ರ. ಬಾಡಿಗೆ ನಮಗೆ ಬಡ್ಡಿಯ ರೂಪದಲ್ಲಿ ಬರುತ್ತಿತ್ತು. ಹಾಗಾಗಿ ಮನೆ ಬಾಡಿಗೆಗೆ ಸಿಗುವ 30% ಕಡಿತ ಇಲ್ಲಿ ಇಲ್ಲ. ಬಂದಷ್ಟಕ್ಕೂ ಸ್ಲ್ಯಾಬಿನ ಪ್ರಕಾರ ತೆರಿಗೆ.

ಕರಪತ್ರದಲ್ಲಿ "9 ವರ್ಷದ ಲೀಸ್" ಅಂತ ದಪ್ಪ ಅಕ್ಷರದಲ್ಲಿತ್ತು. ಲೀಸಿನ ಕಾಗದವನ್ನು ನಾನು ತಿರುವಿ ಹಾಕಿದ್ದೆ, ಆದರೆ ಲಾಕ್-ಇನ್ ಅನ್ನುವ ಕಲಂ ಓದಿ ಅರ್ಥ ಮಾಡಿಕೊಂಡಿರಲಿಲ್ಲ. ಕಮರ್ಷಿಯಲ್ ಲೀಸಿನಲ್ಲಿ 9 ವರ್ಷ ಕಟ್ಟಿಬೀಳುವುದು ಮಾಲೀಕರು. ಬಾಡಿಗೆದಾರ ಕಂಪನಿ ಲಾಕ್-ಇನ್ ಮುಗಿಯುವ ತನಕ ಮಾತ್ರ ಕಟ್ಟಿಬೀಳುತ್ತದೆ, ಸಾಮಾನ್ಯವಾಗಿ 3 ಅಥವಾ 5 ವರ್ಷ. ಆಮೇಲೆ ನೋಟಿಸ್ ಕೊಟ್ಟು ಹೋಗಬಹುದು. ನಮ್ಮ ಲೀಸು 2020ರಲ್ಲಿ ಶುರುವಾಗಿತ್ತು, ಲಾಕ್-ಇನ್ 3 ವರ್ಷ. ಅಂದರೆ ನಾನು ದುಡ್ಡು ಹಾಕುವಾಗ ನಿಜವಾದ ಭರವಸೆ ಉಳಿದಿದ್ದು ಎರಡೇ ವರ್ಷ. ಇಡೀ ಫ್ಲೋರಿಗೆ ಒಬ್ಬರೇ ಬಾಡಿಗೆದಾರರು. 2023ರ ಫೆಬ್ರವರಿ ಕೊನೆಗೆ ಖಾಲಿ ಮಾಡಿದರು. ಎಂಟು ತಿಂಗಳು ಫ್ಲೋರು ಖಾಲಿ. ಹೊಸಬರು ಬಂದಾಗ ಒಳಗಿನ ಕೆಲಸ ಮಾಡಿಸಿಕೊಳ್ಳಲು ಮೂರು ತಿಂಗಳು ಬಾಡಿಗೆ ಬೇಡ ಅಂತ ಒಪ್ಪಂದವಾಯಿತು. ಆಫೀಸ್ ಕಟ್ಟಡಗಳಲ್ಲಿ ಇದು ಮಾಮೂಲು. ಒಟ್ಟು 11 ತಿಂಗಳು ಒಂದು ಪೈಸೆ ಬರಲಿಲ್ಲ.

2024ರ ಜನವರಿಯಲ್ಲಿ ಅಮ್ಮನ ಆಪರೇಷನ್‌ಗೆ ದುಡ್ಡು ಬೇಕಾಯಿತು. ಕೊಳ್ಳುವವರನ್ನು ಹುಡುಕಿ ಐದು ತಿಂಗಳಾಗಿತ್ತು. ಕೊನೆಗೆ 12% ಕಮ್ಮಿಗೆ, 13.2 ಲಕ್ಷಕ್ಕೆ ಕೊಟ್ಟೆ. ಎರಡು ವರ್ಷ ತಿಂಗಳಿಗೆ 11,000ದಂತೆ ಬಂದದ್ದು 2,64,000. ತೆರಿಗೆ ಹೋಗಿ 2,09,000. ಅದರಲ್ಲಿ 1,80,000 ಅಸಲಿನ ನಷ್ಟ ಕಳೆಯಿರಿ. ಮೂರು ವರ್ಷಕ್ಕೆ 15 ಲಕ್ಷದ ಮೇಲೆ ಉಳಿದದ್ದು 29,000. ಈ ನಷ್ಟವನ್ನು ಬಂದ ಬಡ್ಡಿಯ ಎದುರು ತೋರಿಸಲು ಆಗುವುದಿಲ್ಲ. ಬಂಡವಾಳ ಲಾಭದ ಎದುರು ಮಾತ್ರ ಹೊಂದಿಸಬಹುದು, ಅದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ.

ಅದೇ ವರ್ಷ ಮಾರ್ಚ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇಂಥ ವ್ಯವಹಾರವನ್ನು ಎಸ್‌ಎಂ ರೀಟ್, ಅಂದರೆ ಸಣ್ಣ ಮತ್ತು ಮಧ್ಯಮ ರೀಟ್ ಅನ್ನುವ ನಿಯಮದ ಒಳಗೆ ತಂದಿತು. 50 ಕೋಟಿಯಿಂದ 500 ಕೋಟಿಯವರೆಗಿನ ಆಸ್ತಿ, ಕನಿಷ್ಠ 200 ಹೂಡಿಕೆದಾರರು, ಒಬ್ಬೊಬ್ಬರ ಹೂಡಿಕೆ ಕನಿಷ್ಠ 10 ಲಕ್ಷ, ಷೇರುಪೇಟೆಯಲ್ಲಿ ಲಿಸ್ಟಿಂಗ್. ಇಂಥ ಮೊದಲ ಯೋಜನೆ 2024ರ ಡಿಸೆಂಬರ್‌ನಲ್ಲಿ ಲಿಸ್ಟ್ ಆದ ಪ್ರಾಪ್‌ಶೇರ್ ಪ್ಲಾಟಿನಾ, ಅದೂ ನಮ್ಮ ಹೊರ ವರ್ತುಲ ರಸ್ತೆಯ ಕಟ್ಟಡವೇ. ಲೆಕ್ಕಪತ್ರ ಬಹಿರಂಗವಾಗುವುದು ದೊಡ್ಡ ಸುಧಾರಣೆ. ಆದರೆ ಒಂದು ಯುನಿಟ್‌ಗೆ 10 ಲಕ್ಷದ ಆಸುಪಾಸು ಇದ್ದಾಗ ದಿನಾ ಕೊಳ್ಳುವವರು ಸಿಗುತ್ತಾರೆ ಅಂತ ನಂಬಬೇಡಿ. ಒಂದೇ ಕಟ್ಟಡ ಅನ್ನುವ ಅಪಾಯ ಲಿಸ್ಟಿಂಗ್‌ನಿಂದ ಹೋಗುವುದೂ ಇಲ್ಲ.

ರೀಟ್ ವಿಷಯಕ್ಕೆ ಬರುತ್ತೇನೆ. 2019ರ ಏಪ್ರಿಲ್‌ನಲ್ಲಿ ಎಂಬೆಸಿ ಲಿಸ್ಟ್ ಆದಾಗ ಅದು ದೇಶದ ಮೊದಲ ರೀಟ್. ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. ಈಗ ಇಂಥವು ಹಲವು ಇವೆ. ಒಂದು ಯುನಿಟ್ ಕೂಡ ಕೊಳ್ಳಬಹುದು. ಆಸ್ತಿಯ 80% ಕಟ್ಟಿ ಮುಗಿದು ಬಾಡಿಗೆ ಬರುತ್ತಿರಬೇಕು, ಹಂಚಬಹುದಾದ ನಗದಿನ 90% ಹಂಚಲೇಬೇಕು.

ನಾನು 380ರಂತೆ 2,000 ಯುನಿಟ್ ಕೊಂಡೆ. 2023ರಲ್ಲಿ ಬೆಲೆ 300ರ ಹತ್ತಿರಕ್ಕೆ ಬಂತು. ಬಡ್ಡಿ ದರ ಏರಿತ್ತು, ಎಫ್‌ಡಿಯೇ 7% ಕೊಡುತ್ತಿತ್ತು, ಜೊತೆಗೆ ಆ ವರ್ಷದ ಬಜೆಟ್‌ನಲ್ಲಿ ರೀಟ್ ತೆರಿಗೆ ಬದಲಾಯಿತು. ಒಂದೂವರೆ ಲಕ್ಷ ಕಮ್ಮಿ ಕಾಣುತ್ತಿದ್ದಾಗ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಫ್ಲ್ಯಾಟಿನ ಬೆಲೆಯೂ ಇಳಿದಿರಬಹುದು, ಆದರೆ ಅದನ್ನು ಯಾರೂ ದಿನಾ ಪರದೆಯ ಮೇಲೆ ತೋರಿಸುವುದಿಲ್ಲ. ಈಗ ಬೆಲೆ 400ರ ಆಸುಪಾಸಿದೆ, ಅಂದರೆ 8 ಲಕ್ಷ.

ಕಳೆದ ವರ್ಷ ಯುನಿಟ್‌ಗೆ 22 ರೂಪಾಯಿಯಂತೆ 44,000 ಬಂತು. ಬ್ಯಾಂಕಿಗೆ ಒಂದೇ ಮೊತ್ತವಾಗಿ ಬರುತ್ತದೆ, ಆದರೆ ಜೊತೆಗೆ ಬರುವ ವಿವರ ಪತ್ರದಲ್ಲಿ ಮೂರು ಸಾಲು ಇರುತ್ತವೆ. ನನ್ನದರಲ್ಲಿ ಡಿವಿಡೆಂಡ್ 9, ಬಡ್ಡಿ 6, ಸಾಲ ಮರುಪಾವತಿ 7. ಡಿವಿಡೆಂಡ್‌ಗೆ ತೆರಿಗೆ ಇಲ್ಲ, ಏಕೆಂದರೆ ರೀಟ್ ಕೆಳಗೆ ಕಟ್ಟಡಗಳನ್ನು ಹೊಂದಿರುವ ಕಂಪನಿಗಳು ಕಡಿಮೆ ಕಾರ್ಪೊರೇಟ್ ತೆರಿಗೆಯ ದಾರಿ ಹಿಡಿದಿಲ್ಲ. ಹಿಡಿದಿದ್ದರೆ ನನಗೆ ಬೀಳುತ್ತಿತ್ತು. ಬಡ್ಡಿಯ 12,000ಕ್ಕೆ 2,496 ತೆರಿಗೆ. ಬಡ್ಡಿಯ 10%ನ್ನು ಮೊದಲೇ ಟಿಡಿಎಸ್ ಅಂತ ಹಿಡಿದಿರುತ್ತಾರೆ.

ಮೂರನೆಯ ಸಾಲನ್ನೇ ಜನ ತಪ್ಪು ತಿಳಿಯುವುದು. ರೀಟ್ ತನ್ನ ಕಂಪನಿಗಳಿಗೆ ಸಾಲ ಕೊಟ್ಟಿರುತ್ತದೆ. ಅವು ಬಾಡಿಗೆ ದುಡ್ಡಿನಿಂದ ಅಸಲು ತೀರಿಸಿದಾಗ ಅದು ನಮಗೆ ಈ ಹೆಸರಿನಲ್ಲಿ ಬರುತ್ತದೆ. ಇವತ್ತು ತೆರಿಗೆ ಇಲ್ಲ, ಆದರೆ ನನ್ನ ಕೊಂಡ ಬೆಲೆ 380ರಿಂದ 373ಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ಹೀಗೇ ಬಂದರೆ 352. ಆಗ 400ಕ್ಕೆ ಮಾರಿದರೆ ಲಾಭ 20 ಅಲ್ಲ, 48. ವರ್ಷ ದಾಟಿದ ಯುನಿಟ್‌ಗೆ 12.5%, ಷೇರುಗಳ ಲಾಭವೂ ಸೇರಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. 2,000 ಯುನಿಟ್‌ಗೆ 96,000, ಬೇರೆ ಲಾಭ ಇಲ್ಲದಿದ್ದರೆ ನನಗೆ ತೆರಿಗೆ ಬೀಳುವುದಿಲ್ಲ. ಇನ್ನೊಂದು ಮಿತಿ ಇದೆ. ಒಂದು ಯುನಿಟ್ ಮೇಲೆ ಹುಟ್ಟಿನಿಂದ ಈ ರೀತಿ ಹಂಚಿದ ಮೊತ್ತ ಅದನ್ನು ಮೊದಲು ವಿತರಿಸಿದ ಬೆಲೆಯನ್ನು ದಾಟಿದರೆ, ಮುಂದಿನದಕ್ಕೆ ಪೂರ್ತಿ ತೆರಿಗೆ. ಹಿಂದಿನ ಮಾಲೀಕರು ಪಡೆದದ್ದೂ ಆ ಲೆಕ್ಕಕ್ಕೆ ಸೇರುತ್ತದೆ.

ಒಟ್ಟಿನಲ್ಲಿ ಕಳೆದ ವರ್ಷ ಕೈಗೆ 41,504. 8 ಲಕ್ಷಕ್ಕೆ 5.2%. ಫ್ಲ್ಯಾಟಿನದಕ್ಕಿಂತ ಎರಡು ಪಟ್ಟು ಜಾಸ್ತಿ. ಹಾಗಂತ ಕಣ್ಣು ಮುಚ್ಚಿ ಕೂರುವಂತಿಲ್ಲ. ಪ್ರತಿ ಮೂರು ತಿಂಗಳಿಗೆ ಬರುವ ವರದಿಯಲ್ಲಿ ನಾನು ಎರಡು ವಿಷಯ ನೋಡುತ್ತೇನೆ: ಎಷ್ಟು ಜಾಗ ಬಾಡಿಗೆಗೆ ಹೋಗಿದೆ, ಆಸ್ತಿಯ ಮೌಲ್ಯಕ್ಕೆ ಸಾಲ ಎಷ್ಟಿದೆ. ಸಾಲಕ್ಕೆ 49%ರ ಮಿತಿ ಇದೆ, ಆದರೆ ಅದು ವರ್ಷ ವರ್ಷ ಏರುತ್ತಿದೆಯೇ ಅನ್ನುವುದು ಮುಖ್ಯ. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಎಸ್‌ಇಝಡ್, ಅಂದರೆ ವಿಶೇಷ ಆರ್ಥಿಕ ವಲಯದ ಜಾಗ ಎಷ್ಟು ಖಾಲಿ ಇದೆ ಅಂತಲೂ ನೋಡಿ. 2020ರ ಮಾರ್ಚ್ ನಂತರ ಹೊಸದಾಗಿ ಬಂದವರಿಗೆ ಅಲ್ಲಿ ಆದಾಯ ತೆರಿಗೆ ವಿನಾಯಿತಿ ಇಲ್ಲ, ಹಾಗಾಗಿ ಆ ಫ್ಲೋರುಗಳಿಗೆ ಗಿರಾಕಿ ಕಮ್ಮಿಯಾದರು. 2023ರ ಡಿಸೆಂಬರ್‌ನಲ್ಲಿ ಫ್ಲೋರು ಲೆಕ್ಕದಲ್ಲಿ ಸಾಮಾನ್ಯ ಆಫೀಸಾಗಿ ಬದಲಿಸಲು ಸರ್ಕಾರ ಅವಕಾಶ ಕೊಟ್ಟ ಮೇಲೆ ಅವು ತುಂಬಲು ದಾರಿಯಾಯಿತು.

ಫ್ಲ್ಯಾಟನ್ನು ನಾನು ಮಾರಿಲ್ಲ. ಅಮ್ಮನಿಗೆ ಮೆಟ್ಟಿಲು ಹತ್ತಲು ಕಷ್ಟ, ಅಲ್ಲಿ ಲಿಫ್ಟ್ ಇದೆ. ಬಾಡಿಗೆಯವರ ಅಗ್ರಿಮೆಂಟ್ ಮುಗಿದ ಮೇಲೆ ಅಲ್ಲಿಗೇ ಹೋಗುತ್ತೇವೆ. ತಮ್ಮನಿಗೆ ಮಾತ್ರ ನೇರವಾಗಿ ಹೇಳಿದೆ: ವಾಸಕ್ಕಾದರೆ ಮನೆ ನೋಡು, ಬಾಡಿಗೆಗಾದರೆ ರೀಟ್, ಅದೂ ಮೂರು ನಾಲ್ಕು ಕಂತಿನಲ್ಲಿ. ನಿನ್ನೆ ಅವನು ಒಂದು ಎಸ್‌ಎಂ ರೀಟ್‌ನ ಆಫರ್ ಡಾಕ್ಯುಮೆಂಟ್ ಕಳಿಸಿ, "ಲಾಕ್-ಇನ್ ಎಲ್ಲಿ ಬರ್ದಿರ್ತಾರೆ ಅಕ್ಕಾ?" ಅಂತ ಕೇಳಿದ. ಭಾನುವಾರ ಮನೆಗೆ ಬಾ, ಲೀಸಿನ ವಿವರ ಇರುವ ಪುಟದಿಂದಲೇ ಓದೋಣ ಅಂದಿದ್ದೇನೆ.